ತೀರಿಹೋದವಳ ಹೆಸರಿಗೆ ತರಕಾರಿ ಓಚರು

ವಾರ್ಡನ್ ಕೆಲಸಕ್ಕೆ ಸೇರಿದಾಗ ಹಾಸ್ಟೆಲಿನ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಹತ್ತು ಜನ ಹೇಳಿದರು. ಕೊತ್ತಂಬರಿ ಸೊಪ್ಪಿಗೆ ಬಿಲ್ಲು ಸಿಗುವುದಿಲ್ಲ ಅಂತ ಮಾತ್ರ ಒಬ್ಬರೂ ಹೇಳಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಕೊಟ್ಟೂರಿನಲ್ಲಿ ಸರ್ಕಾರದ್ದೊಂದು ಹೆಣ್ಣುಮಕ್ಕಳ ಹಾಸ್ಟೆಲು, ಅದಕ್ಕೆ ನಾನು ಹೊಸ ವಾರ್ಡನ್. ಅಕ್ಕಿ, ಬೇಳೆ, ಎಣ್ಣೆ ಕಂಟ್ರಾಕ್ಟರ ಕಡೆಯಿಂದ ಬರುತ್ತಿದ್ದವು, ಜೊತೆಗೆ ಅಚ್ಚುಕಟ್ಟಾದ ಬಿಲ್ಲೂ ಬರುತ್ತಿತ್ತು. ಕಾಯಿಪಲ್ಲೆ ಮಾತ್ರ ವಾರವಾರ ಸಂತೆಯಲ್ಲಿ ನಾವೇ ಕೊಳ್ಳಬೇಕು. ಮೊದಲ ಸಂತೆಯ ದಿನ ನಾನು ಒಂದು ಚೀಲ ಬದನೆಕಾಯಿ ಕೊಂಡು, ದೊಡ್ಡ ಅಧಿಕಾರಿಯ ಗತ್ತಿನಲ್ಲಿ "ಬಿಲ್ಲು ಕೊಡಮ್ಮ" ಅಂದೆ. ಮಾರುವ ಹೆಂಗಸು ನನ್ನ ಮುಖ ನೋಡಿ, ಬಿಲ್ಲು ಅಂದರೆ ಇನ್ನೂ ಬೇಕು ಅಂತಲೇನೋ ತಿಳಿದು, ಚೀಲಕ್ಕೆ ಇನ್ನೆರಡು ಬದನೆಕಾಯಿ ಹಾಕಿದಳು.

ಕೂಡ್ಲಿಗಿಯ ತಾಲ್ಲೂಕು ಕಚೇರಿಗೆ ಹೋಗಿ ಗುಮಾಸ್ತರನ್ನು ಕೇಳಿದೆ. ಅವರು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಪಾಠ ಹೇಳಿದರು. ಲೈಸೆನ್ಸಿಲ್ಲದ ಸಣ್ಣ ವ್ಯಾಪಾರಸ್ಥರು ಬಿಲ್ಲು ಕೊಡುವುದಿಲ್ಲ. ಅವರು ಕೊಡದಿದ್ದರೆ ಕೊಂಡವರು ನಾವೇ ಓಚರು ಬರೆಯಬೇಕು. ಮಾರಿದವರ ಹೆಸರು, ಊರು, ಏನು ಕೊಂಡೆವು, ಎಷ್ಟು ತೂಕ, ಏನು ದರ, ಒಟ್ಟು ಅಂಕಿಯಲ್ಲಿ ಮತ್ತು ಅಕ್ಷರದಲ್ಲಿ. ಕೆಳಗೆ ದುಡ್ಡು ಮುಟ್ಟಿತು ಅಂತ ಮಾರಿದವರ ಸಹಿ, ಸಹಿ ಬಾರದಿದ್ದರೆ ಹೆಬ್ಬೆಟ್ಟು. ಹೆಬ್ಬೆಟ್ಟಾದರೆ ಪಕ್ಕದಲ್ಲಿ "ನನ್ನ ಸಮಕ್ಷಮ" ಅಂತ ಬರೆದು ನನ್ನ ಸಹಿ. ಅದರ ಕೆಳಗೆ, ಇವರು ಬಿಲ್ಲು ಕೊಡುವವರಲ್ಲ, ದರ ಸಂತೆಯ ದರವೇ, ಸಾಮಾನು ದಾಸ್ತಾನು ಪುಸ್ತಕಕ್ಕೆ ಹತ್ತಿದೆ ಅಂತ ನನ್ನ ದೃಢೀಕರಣ. ಐನೂರು ದಾಟಿದರೆ ರೆವಿನ್ಯೂ ಸ್ಟಾಂಪು. "ಇಷ್ಟ ನೋಡ್ರಿ, ಸಲೀಸು," ಅಂದರು. ಸಲೀಸಂತೆ! ಅವರು ಒಂದು ದಿನ ನನ್ನ ಜೊತೆ ಸಂತೆಗೆ ಬಂದಿದ್ದರೆ ಗೊತ್ತಾಗುತ್ತಿತ್ತು.

ಅಂದಿನಿಂದ ನನ್ನ ಕೈಚೀಲದಲ್ಲಿ ಬಾಚಣಿಗೆಯ ಜೊತೆ ಇಂಕಿನ ಪ್ಯಾಡೂ ಸೇರಿತು. ವಾರಕ್ಕೊಬ್ಬರ ಹತ್ತಿರ ಕೊಂಡರೆ ವಾರಕ್ಕೊಬ್ಬರ ಬೆನ್ನು ಬೀಳಬೇಕಲ್ಲ ಅಂತ ಹಾಸ್ಟೆಲಿನ ಅಡುಗೆಯಾಕೆ ಒಂದೇ ಜಾಗ ಗೊತ್ತು ಮಾಡಿದಳು. ಬೇವಿನ ಮರದ ಪಕ್ಕ, ಮೂರು ಗೋಣಿಚೀಲ ಹಾಸುವಷ್ಟು ನೆಲ. ಸೊಪ್ಪು, ಬದನೆ, ಹೀರೆ, ಹಸಿಮೆಣಸು ಎಲ್ಲ ಅಲ್ಲೇ ಸಿಗುತ್ತಿತ್ತು, ತೂಕದಲ್ಲಿ ಮೋಸ ಇರಲಿಲ್ಲ. ಮೊದಲ ದಿನ ಅಲ್ಲಿ ಕೂತಿದ್ದ ಹೆಂಗಸನ್ನು ಓಚರಿಗೆ ಏನಂತ ಹೆಸರು ಬರೆಯಲಿ ಅಂತ ಕೇಳಿದೆ. ಆಕೆ ಒಂದು ಹೆಸರು ಹೇಳಿದಳು. ಬರೆದೆ. ಹೆಬ್ಬೆರಳಿಗೆ ಇಂಕು ಹಚ್ಚಿದೆ, ಒತ್ತಿಸಿದೆ, ಸಮಕ್ಷಮ ಸಹಿ ಮಾಡಿದೆ. ಅವಳು ಬೆರಳನ್ನು ಮೆಂತ್ಯೆ ಸೊಪ್ಪಿನ ಮಣ್ಣಿಗೆ ತಿಕ್ಕಿಕೊಂಡು ಮುಂದಿನ ಗಿರಾಕಿಯ ಕಡೆ ತಿರುಗಿದಳು.

ಮುಂದಿನ ವಾರ ಅದೇ ಜಾಗದಲ್ಲಿ ಬೇರೆ ಹೆಂಗಸು, ವಯಸ್ಸಿನಲ್ಲಿ ಸಣ್ಣವಳು. ಇದು ಇಂಥವರ ಅಂಗಡಿಯೇ ಅಂತ ಆ ಹೆಸರು ಹಿಡಿದು ಕೇಳಿದೆ. "ಹೌದ್ರಿ ಮೇಡಮ್ಮಾರ, ಅದ ಐತಿ," ಅಂದಳು. ನಾನು ಆ ಹೆಸರು ಮೊದಲ ವಾರ ಕಂಡ ದೊಡ್ಡವಳದು, ಇವಳು ಅವಳ ಪರವಾಗಿ ಕೂತಿದ್ದಾಳೆ ಅಂದುಕೊಂಡೆ. ಅಡುಗೆಯಾಕೆ ಹೆಸರು ಸಣ್ಣವಳದು, ದೊಡ್ಡವಳು ಸಹಾಯಕ್ಕೆ ಬರುತ್ತಾಳೆ ಅಂದುಕೊಂಡಿದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಒಂದು ವಾರ ಇವಳು, ಒಂದು ವಾರ ಅವಳು, ಓಚರಿನಲ್ಲಿ ಮಾತ್ರ ಅದೇ ಹೆಸರು. ಹೀಗೆ ಎರಡು ವರ್ಷ ಬದನೆಕಾಯಿ ತಿಂದೆವು.

ಎರಡನೇ ವರ್ಷದ ಕೊನೆಗೆ ಬಳ್ಳಾರಿಯಿಂದ ಆಡಿಟ್ ಬಂತು. ನನ್ನ ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆಗುವ ಹೊತ್ತು ಅದು. ಆಡಿಟಿನಲ್ಲಿ ಕೆಂಪು ಗೆರೆ ಬಿದ್ದರೆ ಖಾಯಮಾತಿ ನಿಲ್ಲುತ್ತದೆ, ಜೊತೆಗೆ ಆಕ್ಷೇಪಣೆಯಾದ ದುಡ್ಡು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ನನ್ನ ಸಂಬಳದ ಮೇಲೆ ತವರಿನಲ್ಲಿ ತಾಯಿ, ಓದುವ ತಂಗಿ ಇದ್ದರು. ಆದರೂ ನನ್ನ ಲೆಕ್ಕ ಚೊಕ್ಕ ಇದೆ ಅನ್ನುವ ಧಿಮಾಕು ಇತ್ತು.

ಬಂದವರು ಸಾಧು ಸ್ವಭಾವದ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಆಡಿಟರು. ಮಿರ್ಚಿ ಮಂಡಕ್ಕಿ ತಿನ್ನುತ್ತಾ ಓಚರು ಮಗುಚಿದರು. ನಡುವೆ ಕೈ ನಿಲ್ಲಿಸಿದರು. ಒಂದನ್ನು ಬೆಳಕಿಗೆ ಹಿಡಿದರು, ಇನ್ನೊಂದನ್ನು ಪಕ್ಕಕ್ಕೆ ಹಿಡಿದರು.

"ಮೇಡಂ, ಈ ಹೆಬ್ಬೆಟ್ಟು ಇಷ್ಟ್ ಅಗಲ ಐತಿ. ಇದು ನೋಡ್ರಿ, ಸಣ್ಣದು. ಒಂದ ಹೆಸರು, ಎರಡು ಬೆರಳು ಹೆಂಗ?"

"ಅವರ ಮನೆಯವರು ಯಾರೋ ಒತ್ತಿರಬೇಕು ಸಾರ್," ಅಂದೆ.

"ಯಾರೋ ಅಂದ್ರ? ನಿಮ್ಮ ಸಮಕ್ಷಮ ಅಂತ ನೀವ ಸಹಿ ಹಾಕೀರಲ್ಲ." ಅವರು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಭಯವಾಗಿದ್ದು. "ಈ ಹೆಸರಿನಾಕಿನ ಒಂದ್ ಸಲ ಕರಕೊಂಡ್ ಬರ್ರಿ. ಹೌದು, ದುಡ್ಡು ಮುಟ್ಟೇತಿ ಅಂದ್ರ ಮುಗೀತು."

ಮರುದಿನವೇ ಸಂತೆ. ಇಷ್ಟೇನಾ ಅಂತ ಹೊರಟೆ. ಬೇವಿನ ಮರದ ಹತ್ತಿರ ಇನ್ನೂ ಯಾರೂ ಬಂದಿರಲಿಲ್ಲ. ಪಕ್ಕದಲ್ಲಿ ಉಳ್ಳಾಗಡ್ಡಿ ಹರವುತ್ತಿದ್ದ ಮುದುಕನನ್ನು, ಆ ಹೆಸರು ಹೇಳಿ, ಆಕೆ ಎಷ್ಟು ಹೊತ್ತಿಗೆ ಬರುತ್ತಾಳೆ ಅಂತ ಕೇಳಿದೆ.

"ಆಕಿ ಎಲ್ಲಿ ಬರ್ತಾಳವ್ವ? ಆಕಿ ಸತ್ತು ಭಾಳ ವರ್ಷಾತು."

"ಅಜ್ಜ, ನಾನು ಕೇಳಿದ್ದು ಈ ಜಾಗದಾಕೆಯನ್ನ."

"ನಾನೂ ಆಕಿನ ಹೇಳಾಕತ್ತೀನಿ. ಛಲೋ ಹೆಣಮಗಳು. ಮಣ್ಣಿಗೆ ನಾನ ಹೋಗಿದ್ದೆ."

ಎರಡು ವರ್ಷ ನಾನು ದುಡ್ಡು ಕೊಟ್ಟದ್ದು ಯಾರಿಗೆ? ಯಾರ ಬೆರಳು ಹಿಡಿದು ಇಂಕು ಹಚ್ಚಿದೆ? ಸತ್ತವಳಿಗೆ ವಾರವಾರ ಸರ್ಕಾರದ ದುಡ್ಡು ಕೊಟ್ಟು, ನನ್ನ ಕಣ್ಣೆದುರೇ ಕೊಟ್ಟೆ ಅಂತ ಸಹಿಯನ್ನೂ ಹಾಕಿದ್ದೆ. ಇಂಥ ಮೋಸವನ್ನು ಬೇಕೆಂದೇ ಮಾಡುವವರು ಕೂಡ ಇಷ್ಟು ಚೆನ್ನಾಗಿ ಮಾಡಲಾರರು.

ಅಷ್ಟರಲ್ಲಿ ದೊಡ್ಡವಳು ಬುಟ್ಟಿ ಹೊತ್ತು ಬಂದಳು. ನಾನು ಅವಳ ಬುಟ್ಟಿ ಇಳಿಸಲೂ ಬಿಡದೆ ಹಾರಾಡಿದೆ. ಸುಳ್ಳು ಹೆಸರು ಯಾಕೆ ಹೇಳಿದಿ, ನನ್ನ ನೌಕರಿಗೆ ಕಲ್ಲು ಹಾಕಿದೆಯಲ್ಲ ಅಂದೆ. ಅವಳು ಗಾಬರಿಯಾದಳು, ಆದರೆ ತಪ್ಪು ಮಾಡಿದ ಮುಖ ಇರಲಿಲ್ಲ.

"ಸುಳ್ಳು ಎಲ್ರಿ? ಇದು ನಮ್ಮ ಅತ್ತಿ ಹೆಸರಿನ ಜಾಗ ಐತಲ್ರಿ. ಪಂಚಾಯ್ತಿ ಸುಂಕದಾಂವ ಕೇಳಿದ್ರೂ ಅದ ಹೇಳ್ತೀವಿ. ಚೀಟಿ ಅದ ಹೆಸರಿಗೆ ಹರಿತಾನ. ನೀವು ಏನಂತ ಬರೀಲಿ ಅಂದ್ರಿ, ಹೇಳಿದ್ನಿ."

ನಿಧಾನಕ್ಕೆ ತಿಳಿಯಿತು. ಇವರಿಬ್ಬರೂ ಅಣ್ಣತಮ್ಮಂದಿರ ಹೆಂಡಂದಿರು, ನಮ್ಮ ಕಡೆ ನೆಗೆಣ್ಣಿಯರು ಅನ್ನುತ್ತೇವೆ. ಮನೆಯಲ್ಲಿ ಊರಿನಲ್ಲಿ ಅವರನ್ನು ತವರೂರಿನ ಹೆಸರಿನಿಂದಲೇ ಕರೆಯುತ್ತಾರೆ, ದೊಡ್ಡವಳು ಹಲವಾಗಲಾಕೆ, ಸಣ್ಣವಳು ಹಂಪಸಾಗರದಾಕೆ. ಅತ್ತೆ ತೀರಿಹೋದ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಹೊಲ, ಎತ್ತು, ಪಾತ್ರೆ ಎಲ್ಲ ಪಾಲಾದವು. ಸಂತೆಯ ಜಾಗ ಒಂದು ಮಾತ್ರ ಪಾಲಾಗಲಿಲ್ಲ, ಅರ್ಧ ಮಾಡಿದರೆ ಇಬ್ಬರಿಗೂ ಸಾಲದು. ಅದಕ್ಕೇ ಅತ್ತೆಯನ್ನೇ ಅಲ್ಲಿ ಕೂಡಿಸಿಬಿಟ್ಟಿದ್ದರು. ಒಂದು ವಾರ ಇವಳು, ಒಂದು ವಾರ ಅವಳು, ಹೆಸರು ಮಾತ್ರ ಅತ್ತೆಯದು.

"ಈಗೇನಾತು? ನೀನು, ನಿನ್ನ ನೆಗೆಣ್ಣಿ ಬಂದು, ಅತ್ತಿ ಇಲ್ಲ, ದುಡ್ಡು ಮುಟ್ಟಿದ್ದು ನಮಗ ಅಂತ ಬರೆದುಕೊಡ್ರಿ," ಅಂದೆ.

ಅವಳು ಹೀರೆಕಾಯಿ ಒಪ್ಪವಾಗಿ ಜೋಡಿಸುತ್ತಾ ತಲೆ ಅಲ್ಲಾಡಿಸಿದಳು. "ಅದೊಂದು ಬ್ಯಾಡ್ರಿ ಮೇಡಮ್ಮಾರ. ಅತ್ತಿ ಹೆಸರ್ಲೆ ಇರೂತನಕ ಇದು ಇಬ್ರದೂ. ಕಾಗದದಾಗ ನನ್ನ ಹೆಸರು ಬಂತಂದ್ರ ಆಕಿದಲ್ಲ. ಆಕಿ ಹೆಸರು ಬಂತಂದ್ರ ನಂದಲ್ಲ."

ಎಲ್ಲಿಯ ಆಡಿಟು, ಎಲ್ಲಿಯ ಆಸ್ತಿ? ಆ ನೆಲ ಪಂಚಾಯ್ತಿಯದು. ಸುಂಕ ಕೊಟ್ಟವರು ಕೂಡುತ್ತಾರೆ, ಸಂಜೆಗೆ ಎದ್ದು ಹೋಗುತ್ತಾರೆ. ನನ್ನ ಓಚರಿಗೂ ಅದಕ್ಕೂ ಸಂಬಂಧವಿಲ್ಲ ಅಂತ ತಿಳಿಸಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅನುಮಾನ ಬಂತು. ಎಲ್ಲಿಯೂ ಬರೆದಿಲ್ಲದ ಜಾಗ ಅವರ ಕೈಯಲ್ಲಿ ಇಷ್ಟು ವರ್ಷ ಉಳಿದದ್ದು ಬರೀ ಒಂದು ಹೆಸರಿನ ಬಲದಿಂದ ತಾನೇ? ಆ ಹೆಸರನ್ನು ನಾನು ಅಳಿಸು ಅನ್ನುತ್ತಿದ್ದೇನೆ. ಆದರೆ ಹಾಗಂತ ನಾನು ಸಂಬಳ ಕಳೆದುಕೊಳ್ಳಬೇಕೇ? ಬದನೆಕಾಯಿಯನ್ನು ಮಕ್ಕಳು ತಿಂದದ್ದು ನಿಜ, ದುಡ್ಡು ಕೊಟ್ಟದ್ದು ನಿಜ, ಕಾಗದ ಮಾತ್ರ ಸುಳ್ಳು. ಇದರಲ್ಲಿ ಕಳ್ಳರು ಯಾರು ಅಂತ ನನಗೆ ಬಗೆಹರಿಯಲಿಲ್ಲ.

ಹಾಸ್ಟೆಲಿಗೆ ಬಂದು ಆಡಿಟರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಹಳೆಯ ಓಚರು ಹರಿದು ಸರಿಯಾದ ಹೆಸರಿನಲ್ಲಿ ಹೊಸದು ಬರೆಯಲೇ ಅಂತಲೂ ಕೇಳಿದೆ.

ಅವರು ಬೆಚ್ಚಿಬಿದ್ದರು. "ಹಂಗ್ ಮಾಡಿದ್ರ ಈಗ ಇರೋದು ತಪ್ಪು, ಆಗೋದು ಅಪರಾಧ. ಓಚರ್ ತಿದ್ದಂಗಿಲ್ಲ, ಹರಿಯಂಗಿಲ್ಲ. ಬಿಲ್ಲಿಲ್ಲ ಅನ್ನೋದು ದೊಡ್ಡ ಮಾತಲ್ಲ ಮೇಡಂ. ಯಾರಿಗೆ ಕೊಟ್ವಿ ಅಂತ ಗೊತ್ತಿಲ್ಲ ಅನ್ನೋದು ದೊಡ್ಡ ಮಾತು. ದುಡ್ಡು ಮುಟ್ಟಿದಾಕಿ ಒಂದು ಹೇಳಿಕಿ ಕೊಡ್ಲಿ, ನೀವು ವಿವರಣಿ ಬರೀರಿ, ನಿಮ್ಮ ತಾಲ್ಲೂಕು ಅಧಿಕಾರಿ ಮೇಲುಸಹಿ ಮಾಡ್ಲಿ. ಓಚರಿನ ಹಿಂದ ಲಗತ್ತು ಮಾಡೋಣ. ಇಲ್ಲಾಂದ್ರ ನಾನು ಬರೀಲೇಬೇಕಾಗ್ತೈತಿ."

ನಾನು ಮತ್ತೆ ಹೋಗಿ ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ, ಸಿಟ್ಟೂ ಇಳಿದಿರಲಿಲ್ಲ. ಅಡುಗೆಯಾಕೆ ನನಗೆ ತಿಳಿಸದೆ ಅವರ ಊರಿಗೆ ಹೋಗಿ, ನಮ್ಮ ಮೇಡಮ್ಮನ ಕೆಲಸ ಹೋಗುತ್ತದೆ ಅಂತ ಅತ್ತು ಬಂದಳಂತೆ. ಆಡಿಟಿನ ಕೊನೆಯ ದಿನ ಮಧ್ಯಾಹ್ನ ನೆಗೆಣ್ಣಿಯರಿಬ್ಬರೂ ತಲೆ ತುಂಬ ಸೆರಗು ಹೊದ್ದು ಹಾಸ್ಟೆಲಿನ ಪಡಸಾಲೆಯಲ್ಲಿ ಬಂದು ಕೂತರು. ನನಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು.

ಆಡಿಟರು ಹೇಳಿಕೆ ಬರೆಯಲು ಹಾಳೆ ತೆಗೆದರು. ಇಬ್ಬರದೂ ಹೆಬ್ಬೆಟ್ಟು ತೆಗೆದುಕೊಳ್ಳಿ ಅಂದೆ. "ಇಬ್ರೂ ಅಂದ್ರ ಯಾವ ಓಚರ್ ಯಾರದು ಅಂತ ಬೇರೆ ಮಾಡಬೇಕ್ರಿ," ಅಂದರು. ಸರಿ, ಓಚರಿನ ಕಟ್ಟು ಅವರ ಮುಂದೆ ಬಿಚ್ಚಿಟ್ಟೆವು. ಅದೊಂದು ಪ್ರಹಸನ. ದೊಡ್ಡವಳು ಒಂದನ್ನು ನೋಡಿ "ಇದು ಆಕಿದು" ಅನ್ನುವಳು. ಸಣ್ಣವಳು "ಇಲ್ಲಕ್ಕ, ಆ ವಾರ ನನಗ ಜ್ವರ ಬಂದಿತ್ತು, ನೀನ ಕುಂತಿದ್ದಿ" ಅನ್ನುವಳು. ಇಂಕು ಹೆಚ್ಚಾದಲ್ಲಿ ಬೆರಳು ಬರೀ ಕಪ್ಪು ಮಚ್ಚೆ. ಸೊಪ್ಪಿನ ನೀರು ಬಿದ್ದಲ್ಲಿ ಅದೂ ಇಲ್ಲ. ಹೋಳಿಗೆ ಹಂಚುವಾಗ ಮಾಡುವ ಉಪಚಾರದ ಹಾಗೆ ಒಬ್ಬರು ಇನ್ನೊಬ್ಬರ ಕಡೆ ಓಚರು ನೂಕುತ್ತಿದ್ದರು. ಆಡಿಟರ ಬಸ್ಸಿನ ಹೊತ್ತಾಗುತ್ತಿತ್ತು.

ಕೊನೆಗೆ ಅವರು ಪೆನ್ನು ಕೆಳಗಿಟ್ಟರು. "ನೋಡ್ರವ್ವ, ಒಬ್ಬರು ಹೇಳ್ರಿ ಸಾಕು. ವ್ಯಾಪಾರ ನಂದು, ದುಡ್ಡೆಲ್ಲ ನನಗ ಮುಟ್ಟೇತಿ, ನಾ ಇಲ್ಲದಾಗ ನನ್ನ ಕಡೆಯಾಕಿ ಬೆರಳು ಒತ್ಯಾಳ, ಹೆಸರು ರೂಢಿಗೆ ನಮ್ಮತ್ತಿದು ಹೇಳೀವಿ ಅಂತ. ಇನ್ನೊಬ್ಬರು ಸಾಕ್ಷಿ."

ಕಾಗದದಲ್ಲಿ ಒಬ್ಬಳದೇ ಹೆಸರು ಬಂದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ತಡೆಯಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಇಬ್ಬರಲ್ಲಿ ಯಾರಾದರೂ ಹೂಂ ಅನ್ನಲಿ. ಸಣ್ಣವಳು ನೆಲ ನೋಡುತ್ತಿದ್ದಳು.

"ಆಕಿದ ಬರೀರಿ," ಅಂದಳು ದೊಡ್ಡವಳು. "ಆಕಿ ಸಣ್ಣ ಮಕ್ಕಳಾಕಿ."

"ಅಕ್ಕಾ," ಅಂದಳು ಸಣ್ಣವಳು.

"ಸುಮ್ನಿರ್ಲೇ. ಬರೀರಿ ಸಾಹೇಬ್ರ."

ಸಣ್ಣವಳು ತನ್ನ ಹೆಸರು ಹೇಳಿದಳು. ಎರಡು ವರ್ಷ ಅವಳ ಕೈಯಿಂದ ತರಕಾರಿ ತೆಗೆದುಕೊಂಡಿದ್ದ ನಾನು ಆ ಹೆಸರು ಕೇಳಿದ್ದು ಅದೇ ಮೊದಲು. ಆಡಿಟರು ಹೇಳಿಕೆಯನ್ನು ಓದಿ ಹೇಳಿದರು. ಅವಳು ಒತ್ತಿದಳು, ದೊಡ್ಡವಳು ಸಾಕ್ಷಿಯ ಜಾಗದಲ್ಲಿ ಒತ್ತಿದಳು, ನಾನು ಎರಡಕ್ಕೂ ಸಮಕ್ಷಮ ಸಹಿ ಹಾಕಿದೆ. ಆ ಸಲ ನಿಜವಾಗಿ ಬೆರಳನ್ನೂ ಮುಖವನ್ನೂ ನೋಡಿ ಹಾಕಿದೆ. ಚಹಾ ಕೊಟ್ಟೆ. ಹೋಗುವಾಗ ಕುಂಕುಮ ಕೊಟ್ಟೆ. ಕಾಗದ ಕೂಡ್ಲಿಗಿಗೆ ಹೋಗಿ ಮೇಲುಸಹಿ ಆಗಿ ಬಂತು, ಆಕ್ಷೇಪಣೆ ಕೈಬಿಟ್ಟರು, ಸ್ವಲ್ಪ ದಿನಕ್ಕೆ ನನ್ನ ಖಾಯಮಾತಿಯ ಆದೇಶವೂ ಬಂತು. ಸಕ್ಕರೆ ಹಂಚಿದೆ.

ಅದಾದ ಮೇಲೆ ಸಂತೆಯಲ್ಲಿ ವಾರವಾರವೂ ಸಣ್ಣವಳೇ ಕಾಣತೊಡಗಿದಳು. ಮೊದಲು ನನಗೆ ಗಮನಕ್ಕೆ ಬರಲಿಲ್ಲ. ಬಂದ ಮೇಲೆ, ಅಕ್ಕ ಎಲ್ಲಿ ಅಂತ ಕೇಳಿದೆ. ಅವಳ ಕಣ್ಣು ತುಂಬಿತು.

"ಕೂಲಿಗೆ ಹೋಗ್ಯಾಳ್ರಿ. ನಾ ಎಷ್ಟ್ ಕರದ್ರೂ ಬರವಲ್ಲಳು. ಜಾಗ ನಿಂದಾತು, ನಾ ಹೆಂಗ್ ಕೂಡ್ಲಿ ಅಂತಾಳ. ಮಾತು ಬಿಟ್ಟಿಲ್ಲ, ಏನಿಲ್ಲ. ಸಂತಿಗೆ ಮಾತ್ರ ಬರಲ್ಲ."

ಓಚರಿಗೆ ಏನು ಬರೆದೆನೋ ಏನೋ, ಅಂದು ತರಕಾರಿಯನ್ನು ಅಡುಗೆಯಾಕೆಯ ಕೈಗೆ ಕೊಟ್ಟು ನಾನು ಅವರ ಊರಿನ ದಾರಿ ಹಿಡಿದೆ. ದೊಡ್ಡವಳು ಯಾರದೋ ಕಣದಲ್ಲಿ ಮೆಕ್ಕೆಜೋಳದ ತೆನೆ ಬಿಡಿಸುತ್ತಾ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಕೂಡಲು ಚೀಲ ಹಾಸಿದಳು. ನಾನು ಬಡಬಡಿಸಿದೆ. ಆ ಕಾಗದಕ್ಕೆ ಸಂತೆಯಲ್ಲಿ ಕಿಮ್ಮತ್ತಿಲ್ಲ, ಪಂಚಾಯ್ತಿಯವರು ಅದನ್ನು ನೋಡಿಯೂ ಇಲ್ಲ, ಅದು ನನ್ನ ಕಚೇರಿಯ ಕಪಾಟಿನಲ್ಲಿದೆ, ನನ್ನ ನೌಕರಿ ಉಳಿಯಲಿ ಅಂತ ಬರೆಸಿದ್ದು, ನೀನು ನಿನ್ನ ವಾರ ಬಂದು ಕೂಡು ಅಂದೆ.

ಅವಳು ಪೂರ್ತಿ ಕೇಳಿದಳು. ನಾನು ದಡ್ಡಿಗೆ ತಿಳಿಸಿ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ, ಅವಳೂ ಹಾಗೆಯೇ ನನ್ನನ್ನು ನೋಡುತ್ತಿದ್ದಳು.

"ಕಾಗದ ನಿಮ್ದ ಇರಬೌದ್ರಿ ಮೇಡಮ್ಮಾರ," ಅಂದಳು. "ಹೆಬ್ಬೆಟ್ಟು ನಂದ ಐತಲ್ರಿ. ಎಲ್ಲಾ ಆಕಿದು ಅಂತ ಓದಿ ಹೇಳಿದ್ರು, ನಾ ಕೇಳಿ ಒತ್ತೀನಿ. ಒತ್ತಿದ ಮ್ಯಾಲ ಹೊಳ್ಳಿ ಹೋಗಿ ಕುಂತ್ರ, ನಾ ಒತ್ತಿದ್ದು ಸುಳ್ಳಾಗಲ್ಲೇನ್ರಿ?"

ಎರಡು ವರ್ಷ ನಾನು ಸಹಿ ಹಾಕಿದ "ನನ್ನ ಸಮಕ್ಷಮ" ಒಂದೂ ಪೂರ್ತಿ ನಿಜವಾಗಿರಲಿಲ್ಲ, ಆದರೂ ಸರ್ಕಾರ ನನ್ನನ್ನು ಖಾಯಂ ಮಾಡಿತು. ಅವಳು ಒಂದೇ ಒಂದು ಸಲ, ನನಗಾಗಿ, ನಿಜವಲ್ಲದ ಮಾತಿಗೆ ಬೆರಳು ಒತ್ತಿದಳು. ಅದನ್ನು ನಿಜ ಮಾಡಲು ತನ್ನ ಜಾಗವನ್ನೇ ಬಿಟ್ಟಳು. ನಾನೂ ಚೀಲದ ಮೇಲೆ ಕೂತು ಒಂದೆರಡು ತೆನೆ ಬಿಡಿಸಿದೆ. ಕಣದ ಯಜಮಾನ ಬಂದು ಈಕೆ ಯಾರು ಅಂತ ಕೇಳಿದ. "ನಮ್ಮ ಗಿರಾಕಿರಿ," ಅಂದಳು ಅವಳು.